ನಾಲ್ಕು ಲೀಟರ್ ಕೊಬ್ಬು ತೆಗೆಸಿದರೆ ಶುಗರ್ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಎತ್ತರ 156 ಸೆಂ.ಮೀ., ತೂಕ 74 ಕೆ.ಜಿ., ಹೊಟ್ಟೆ ಸುತ್ತಳತೆ 94 ಸೆಂ.ಮೀ. ಎರಡೂ ಹೆರಿಗೆ ಸಿಸೇರಿಯನ್. ಎಚ್‌ಬಿಎ1ಸಿ 6.2, ಟ್ರೈಗ್ಲಿಸರೈಡ್ 210, ಸ್ಕ್ಯಾನ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂದಿದೆ. ಅಮ್ಮನಿಗೆ ಶುಗರ್ ಇದೆ. ಒಂದು ಕಾಸ್ಮೆಟಿಕ್ ಕ್ಲಿನಿಕ್‌ನವರು "ಒಂದೇ ದಿನದ ಕೆಲಸ, ನಾಲ್ಕು ಲೀಟರ್ ಕೊಬ್ಬು ತೆಗೀತೀವಿ, ಶುಗರೂ ಕಂಟ್ರೋಲಿಗೆ ಬರುತ್ತೆ" ಅಂದ್ರು. ನಿಜವಾ? ಡಯಟ್ ಮಾಡಿ ಮಾಡಿ ನನಗಂತೂ ಸಾಕಾಗಿದೆ. (ಓದುಗರು, ದಾವಣಗೆರೆ)

ಉತ್ತರ: ಶುಗರ್ ಇಳಿಯುವುದಿಲ್ಲ. ಲಿವರ್‌ನ ಕೊಬ್ಬೂ ಕರಗುವುದಿಲ್ಲ, ರಕ್ತದಲ್ಲಿ ಹರಿಯುವ ಕೊಬ್ಬಾದ ಟ್ರೈಗ್ಲಿಸರೈಡೂ ಇದ್ದಲ್ಲೇ ಇರುತ್ತದೆ. ಹೊಟ್ಟೆಯ ಆಕಾರ ಸ್ವಲ್ಪ ಬದಲಾಗಬಹುದು. ಅದು ಕೂಡ ನಿಮ್ಮ ಹೊಟ್ಟೆಯ ಕೊಬ್ಬು ಚರ್ಮದ ಕೆಳಗಿದೆಯೋ, ಸ್ನಾಯುವಿನ ಒಳಗಿದೆಯೋ ಎನ್ನುವುದರ ಮೇಲೆ ನಿಂತಿದೆ.

ಮೊದಲು ಆ ನಾಲ್ಕು ಲೀಟರಿನ ಲೆಕ್ಕ ನೋಡೋಣ. ಲಿಪೊಸಕ್ಷನ್‌ನಲ್ಲಿ ಕೊಬ್ಬನ್ನು ಹೀರುವ ಮೊದಲು ಚರ್ಮದ ಕೆಳಗೆ ಲೀಟರುಗಟ್ಟಲೆ ಸಲೈನ್ ತುಂಬುತ್ತಾರೆ. ಅದರಲ್ಲಿ ಮರಗಟ್ಟಿಸುವ ಲಿಗ್ನೊಕೇನ್ ಮತ್ತು ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಬೆರೆತಿರುತ್ತದೆ. ಜಾಗವೆಲ್ಲ ಉಬ್ಬಿ ಬಿಗಿಯಾದ ಮೇಲೆ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕೊಳವೆಯನ್ನು, ಅಂದರೆ ಕ್ಯಾನುಲಾವನ್ನು, ಸಣ್ಣ ರಂಧ್ರದಿಂದ ಒಳಗೆ ಹಾಕಿ ಹಿಂದೆ ಮುಂದೆ ಆಡಿಸುತ್ತ ಹೀರುತ್ತಾರೆ. ಡಬ್ಬಿಗೆ ಬೀಳುವುದು ಬರೀ ಕೊಬ್ಬಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಹಳದಿ ಕೊಬ್ಬು ಮೇಲೆ ತೇಲಿ, ಕೆಂಪು ನೀರು ತಳದಲ್ಲಿ ನಿಲ್ಲುತ್ತದೆ. ಒಟ್ಟು ನಾಲ್ಕು ಲೀಟರಿನಲ್ಲಿ ಶೇ. 70ರಷ್ಟು ಕೊಬ್ಬು ಎಂದಿಟ್ಟುಕೊಂಡರೂ ಅದು 2.8 ಲೀಟರ್. ಕೊಬ್ಬು ನೀರಿಗಿಂತ ಹಗುರ. ಅಡುಗೆ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದು ಬರೆದಿರುತ್ತದಲ್ಲ, ಅದೇ ಕಾರಣ. ಹಾಗಾಗಿ ಕ್ಲಿನಿಕ್‌ನವರ ನಾಲ್ಕು ಲೀಟರ್ ತಕ್ಕಡಿಯಲ್ಲಿ ಎರಡೂವರೆ ಕೆ.ಜಿ. ಆಗುತ್ತದೆ. ನಿಮ್ಮ ಎತ್ತರ, ತೂಕದ ಮಹಿಳೆಯರ ಮೈಯಲ್ಲಿ ಸಾಮಾನ್ಯವಾಗಿ 28ರಿಂದ 30 ಕೆ.ಜಿ. ಕೊಬ್ಬು ಇರುತ್ತದೆ. ಹೋಗುವುದು ಅದರ ಹನ್ನೆರಡರಲ್ಲಿ ಒಂದು ಪಾಲು.

"ಹಾಗಾದರೆ ಇನ್ನೂ ಹೆಚ್ಚು ತೆಗೆಸಿದರೆ?" ಎಂದು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಯಾಮುಯೆಲ್ ಕ್ಲೈನ್ ಮತ್ತು ಸಂಗಡಿಗರು ಹೊಟ್ಟೆಯ ಬೊಜ್ಜಿದ್ದ 15 ಮಹಿಳೆಯರಿಗೆ ದೊಡ್ಡ ಪ್ರಮಾಣದ ಲಿಪೊಸಕ್ಷನ್ ಮಾಡಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಏಳು ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಒಬ್ಬೊಬ್ಬರಿಂದ ಸರಾಸರಿ ಒಂಬತ್ತರಿಂದ ಹತ್ತೂವರೆ ಕೆ.ಜಿ. ಕೊಬ್ಬು ಹೋಯಿತು, ಅಂದರೆ ಮೈಯಲ್ಲಿದ್ದ ಒಟ್ಟು ಕೊಬ್ಬಿನ ಐದನೇ ಒಂದು ಭಾಗದ ಹತ್ತಿರ ಹತ್ತಿರ. ಹತ್ತು ಹನ್ನೆರಡು ವಾರ ಬಿಟ್ಟು ಮತ್ತೆ ಎಲ್ಲ ಪರೀಕ್ಷೆ ಮಾಡಿದರು. ಸ್ನಾಯು ಮತ್ತು ಲಿವರ್ ಇನ್ಸುಲಿನ್‌ಗೆ ಎಷ್ಟು ಸ್ಪಂದಿಸುತ್ತವೆ, ರಕ್ತದ ಸಕ್ಕರೆ ಎಷ್ಟು, ಬಿಪಿ ಎಷ್ಟು, ಟ್ರೈಗ್ಲಿಸರೈಡ್ ಎಷ್ಟು, ಒಳ ಉರಿಯೂತವನ್ನು ಹೇಳುವ ಸಿಆರ್‌ಪಿ ಎಷ್ಟು ಎಂದು ಒಂದೊಂದಾಗಿ ನೋಡಿದರು. ಯಾವುದೂ ಕದಲಿರಲಿಲ್ಲ. ಅದೇ ಗುಂಪಿನ ಕೆಲವರನ್ನು ಮುಂದೆ ನಾಲ್ಕು ವರ್ಷದವರೆಗೂ ಪರೀಕ್ಷಿಸಿದಾಗಲೂ ಕತೆ ಅದೇ. ಇಷ್ಟೇ ತೂಕವನ್ನು ಆಹಾರದಿಂದ ಇಳಿಸಿದ್ದರೆ ಇವೆಲ್ಲ ಸುಧಾರಿಸುತ್ತಿದ್ದವು ಎಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನವಿಲ್ಲ.

ಹತ್ತು ಕೆ.ಜಿ. ಕೊಬ್ಬು ಎರಡೂ ಕಡೆ ಹತ್ತು ಕೆ.ಜಿ.ಯೇ. ಹಾಗಿದ್ದ ಮೇಲೆ ಫಲ ಯಾಕೆ ಬೇರೆ?

ಕೊಬ್ಬು ಇರುವುದು ಜೀವಕಣಗಳಲ್ಲಿ. ಒಂದೊಂದು ಕೊಬ್ಬಿನ ಕಣವೂ ಒಂದು ಪುಟ್ಟ ಕಣಜ ಎನ್ನಿ. ಊಟದಲ್ಲಿ ಖರ್ಚಿಗಿಂತ ಹೆಚ್ಚು ಬಂದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಚರ್ಮದ ಕೆಳಗಿನ ಕಣಜಗಳು ತುಂಬಿ ಇನ್ನು ಹಿಡಿಸಲಾರೆ ಎಂದಾಗ ಚೀಲಗಳನ್ನು ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ದಾರಿಯಲ್ಲಿ ಒಟ್ಟುತ್ತ ಹೋಗುವ ಮನೆಯಂತಾಗುತ್ತದೆ ಮೈ. ಪಡಸಾಲೆ ಎಂದರೆ ಇಲ್ಲಿ ಲಿವರ್, ಸ್ನಾಯು, ಕರುಳಿನ ಸುತ್ತಲಿನ ಜಾಗ. ಶುಗರ್ ಶುರುವಾಗುವುದು ಈ ಚೀಲಗಳಿಂದ. ಕೊಬ್ಬು ಸೇರಿದ ಲಿವರ್ ಇನ್ಸುಲಿನ್ ಹೇಳಿದ ಮಾತು ಕೇಳದೆ ರಾತ್ರಿಯಿಡೀ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಜೊತೆಗೆ ಟ್ರೈಗ್ಲಿಸರೈಡನ್ನೂ. ನಿಮ್ಮ 210 ಬಂದಿರುವುದು ಹೆಚ್ಚುಕಡಿಮೆ ಅಲ್ಲಿಂದಲೇ. ಲಿಪೊಸಕ್ಷನ್ ಮಾಡುವವರು ಕೆಲವು ಕಣಜಗಳನ್ನು ಕಿತ್ತು ಹೊರಗೆ ಸಾಗಿಸುತ್ತಾರೆ. ಉಳಿದ ಕಣಜಗಳು ಮೊದಲಿನಷ್ಟೇ ತುಂಬಿರುತ್ತವೆ, ಪಡಸಾಲೆಯ ಚೀಲಗಳನ್ನು ಯಾರೂ ಮುಟ್ಟಿರುವುದಿಲ್ಲ. ಕಡಿಮೆ ತಿಂದಾಗ ಆಗುವುದು ಇದರ ತಿರುಗುಮುರುಗು: ಕಣಗಳ ಸಂಖ್ಯೆ ಅಷ್ಟೇ ಇರುತ್ತದೆ, ಪ್ರತಿಯೊಂದೂ ಸೊರಗುತ್ತದೆ, ಮತ್ತು ಮೊದಲು ಖಾಲಿಯಾಗುವುದು ಲಿವರ್‌ನ ಚೀಲ.

ಚರ್ಮದ ಕೆಳಗಿನ ಕೊಬ್ಬು ಕೆಟ್ಟದ್ದು ಎಂಬ ಎಣಿಕೆಯೇ ಅರ್ಧ ತಪ್ಪು. ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಚರ್ಮದ ಕೆಳಗೆ ಕೊಬ್ಬೇ ಬೆಳೆಯುವುದಿಲ್ಲ. ಕೈಕಾಲಿನ ನರ, ಸ್ನಾಯು ಎದ್ದು ಕಾಣುವಷ್ಟು ತೆಳ್ಳಗಿರುವ ಇವರಿಗೆ ಚಿಕ್ಕ ವಯಸ್ಸಿನಲ್ಲೇ ತೀವ್ರ ಸಕ್ಕರೆ ಕಾಯಿಲೆ, ದೊಡ್ಡದಾದ ಕೊಬ್ಬಿನ ಲಿವರ್, ಸಾವಿರ ದಾಟುವ ಟ್ರೈಗ್ಲಿಸರೈಡ್ ಬರುವುದುಂಟು. ಕಣಜವೇ ಇಲ್ಲದ ಮನೆಯಲ್ಲಿ ಕಾಳೆಲ್ಲ ಪಡಸಾಲೆಗೇ ಬೀಳಬೇಕಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಪಿಯೊಗ್ಲಿಟಾಜೋನ್ ಎಂಬ ಶುಗರ್ ಮಾತ್ರೆ ಚರ್ಮದ ಕೆಳಗಿನ ಕೊಬ್ಬನ್ನು ಹೆಚ್ಚಿಸುತ್ತದೆ, ತೂಕವನ್ನೂ ಏರಿಸುತ್ತದೆ, ಆದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತಾಗುತ್ತದೆ. ತೊಡೆ, ಪೃಷ್ಠದ ಕೊಬ್ಬಂತೂ ಕಾಪಾಡುವ ಕೊಬ್ಬು. ಅದನ್ನು ಚಂದಕ್ಕಾಗಿ ತೆಗೆಸುವವರು ಏನನ್ನು ಕೊಡುತ್ತಿದ್ದೇವೆ ಎಂದು ತಿಳಿದಿರಬೇಕು.

"ಸರಿ, ಒಳಗಿನ ಕೊಬ್ಬನ್ನೇ ಕತ್ತರಿಸಿ ತೆಗೆದರೆ?" ಇದನ್ನೂ ಕ್ಲೈನ್ ಅವರ ತಂಡವೇ ನೋಡಿತು. ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಹೊದಿಕೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೂ ಇನ್ಸುಲಿನ್ ಸ್ಪಂದನೆ ಸುಧಾರಿಸಲಿಲ್ಲ ಎಂದು 2010ರಲ್ಲಿ ಪ್ರಕಟವಾಯಿತು. ಕೊಬ್ಬು ಎಲ್ಲಿಂದ ಹೋಯಿತು ಎನ್ನುವುದಷ್ಟೇ ಪ್ರಶ್ನೆಯಲ್ಲ. ಮೈ ಅದನ್ನು ತಾನೇ ಖರ್ಚು ಮಾಡಿತೋ, ಬೇರೆಯವರು ಹೊತ್ತೊಯ್ದರೋ ಎನ್ನುವುದರ ಮೇಲೆ ಆರೋಗ್ಯದ ಲಾಭ ನಿಂತಿದೆ.

ಇನ್ನು ತೆಗೆಸಿದ ಕೊಬ್ಬು ಮತ್ತೆ ಬರುತ್ತದೆಯೇ ಎಂಬುದು. ಬರುತ್ತದೆ, ಆದರೆ ತೆಗೆದ ಜಾಗಕ್ಕೇ ಬರಬೇಕೆಂದಿಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 32 ಮಹಿಳೆಯರ ಅಧ್ಯಯನವೊಂದು ನಡೆದು 2011ರಲ್ಲಿ ಪ್ರಕಟವಾಯಿತು. ತೀರಾ ದಪ್ಪಗಿಲ್ಲದ ಈ ಮಹಿಳೆಯರಲ್ಲಿ ಕೆಲವರಿಗೆ ತೊಡೆ, ಕೆಳಹೊಟ್ಟೆಯ ಲಿಪೊಸಕ್ಷನ್ ಮಾಡಿದರು, ಉಳಿದವರಿಗೆ ಮಾಡಲಿಲ್ಲ. ಆರನೇ ವಾರದಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಒಂದು ವರ್ಷಕ್ಕೆ ಒಟ್ಟು ಕೊಬ್ಬಿನಲ್ಲಿ ಎರಡೂ ಗುಂಪು ಸಮ. ತೊಡೆ ತೆಳ್ಳಗೇ ಉಳಿದಿತ್ತು, ಕೊಬ್ಬು ಹೊಟ್ಟೆಯಲ್ಲಿ ಮನೆ ಮಾಡಿತ್ತು. ಮರುವರ್ಷ ಬ್ರೆಜಿಲ್‌ನ ಸಾವೊ ಪಾಲೊದಿಂದ ಬಂದ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ 36 ಮಂದಿಗೆ ಹೊಟ್ಟೆಯಿಂದ ಸುಮಾರು ಒಂದೂಕಾಲು ಲೀಟರ್ ತೆಗೆದಿದ್ದರು. ಆರು ತಿಂಗಳಿಗೆ, ವ್ಯಾಯಾಮ ಮಾಡದವರಲ್ಲಿ ಕರುಳಿನ ಸುತ್ತಲಿನ ಕೊಬ್ಬು ಮೊದಲಿಗಿಂತ ಶೇ. 10ರಷ್ಟು ಹೆಚ್ಚಿತ್ತು. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿದವರಲ್ಲಿ ಹೆಚ್ಚಿರಲಿಲ್ಲ. ಕಣಜ ಕಿತ್ತ ಮೇಲೆ ಬೆಳೆ ಅಷ್ಟೇ ಬರುತ್ತಿದ್ದರೆ ಕಾಳು ಎಲ್ಲಿಗೆ ಹೋಗಬೇಕು ಹೇಳಿ. ನಿಮ್ಮ ಲಿವರ್ ಈಗಾಗಲೇ ಗ್ರೇಡ್ 1ರಲ್ಲಿದೆ, ಅದಕ್ಕೆ ಇನ್ನೊಂದು ಚೀಲ ಬೇಡ.

ನಿಮ್ಮ ಹೊಟ್ಟೆ ಯಾವ ಬಗೆಯದು ಎಂದು ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ. ಮಲಗಿದಾಗ ಹೊಟ್ಟೆ ಎರಡೂ ಪಕ್ಕಕ್ಕೆ ಹರಿದು ಚಪ್ಪಟೆಯಾದರೆ, ಹೊಕ್ಕುಳ ಪಕ್ಕದಲ್ಲಿ ಚಿವುಟಿ ಹಿಡಿದರೆ ದಪ್ಪನೆಯ ಮಡಿಕೆ ಸಿಕ್ಕರೆ, ಹೆಚ್ಚಿನ ಕೊಬ್ಬು ಚರ್ಮದ ಕೆಳಗಿದೆ. ಮಲಗಿದ ಮೇಲೂ ಹೊಟ್ಟೆ ಬೋರಲು ಹಾಕಿದ ಬೋಗುಣಿಯಂತೆ ದುಂಡಗೆ ನಿಂತು, ಚಿವುಟಿದರೆ ಬೆರಳಿಗೆ ತೆಳು ಪದರವಷ್ಟೇ ಸಿಕ್ಕರೆ, ಕೊಬ್ಬು ಸ್ನಾಯುವಿನ ಗೋಡೆಯ ಒಳಗಡೆ ಇದೆ. ಅಲ್ಲಿಗೆ ಯಾವ ಕ್ಯಾನುಲಾವೂ ಹೋಗುವಂತಿಲ್ಲ, ಹೋದರೆ ಅದು ಅಪಘಾತ. ಹಾಗೇ ಮಲಗಿರುವಾಗ ತಲೆಯನ್ನಷ್ಟೇ ಎತ್ತಿ, ಹೊಕ್ಕುಳ ಮೇಲೆ ಕೆಳಗೆ ನಡುಗೆರೆಯಲ್ಲಿ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕರೆ ಹೆರಿಗೆಯಲ್ಲಿ ಬೇರ್ಪಟ್ಟ ಸ್ನಾಯು ಮತ್ತೆ ಕೂಡಿಲ್ಲ ಎಂದರ್ಥ. ಆ ಉಬ್ಬು ಕೊಬ್ಬಿನದಲ್ಲ, ಕೊಬ್ಬು ಹೀರಿದರೆ ಹೋಗುವುದೂ ಇಲ್ಲ. ಸಿಸೇರಿಯನ್ ಗಾಯದ ಮೇಲೆ ಜೋತುಬಿದ್ದ ಚರ್ಮದ ಮಾತೂ ಇದೇ. ಒಳಗಿನ ಕೊಬ್ಬು ತೆಗೆದರೆ ಅದು ಇನ್ನಷ್ಟು ಸಡಿಲವಾಗುತ್ತದೆ.

ಈಗ ಎದುರು ದಾರಿಯ ಲೆಕ್ಕ. ನಿಮಗೆ ಮೊದಲ ಗುರಿ ತೂಕದ ಶೇ. 7, ಅಂದರೆ ಐದು ಕೆ.ಜಿ. ಚಿಲ್ಲರೆ. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಐದು ಕೆ.ಜಿ.ಗೆ ನಲವತ್ತು ಸಾವಿರದ ಹತ್ತಿರ. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಇನ್ನೂರಿಪ್ಪತ್ತು ಇನ್ನೂರನಲವತ್ತು ಕ್ಯಾಲೊರಿ ಕೊರತೆ. ತೂಕ ಇಳಿಯುತ್ತ ಹೋದಂತೆ ಮೈಯ ಖರ್ಚೂ ತಗ್ಗುವುದರಿಂದ 350ರಿಂದ 400 ಇಟ್ಟುಕೊಳ್ಳಿ. ಇದು ಉಪವಾಸ ಬೀಳುವ ಲೆಕ್ಕವಲ್ಲ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 30 ಗ್ರಾಂ, 270 ಕ್ಯಾಲೊರಿ ಬಿತ್ತು. ಎರಡೂವರೆ ಲೀಟರಿಗೆ ಇಳಿಸಿದರೆ ನೂರು ಉಳಿಯಿತು. ಇದಕ್ಕೆ ಒಂದೇ ಉಪಾಯವೆಂದರೆ ತಿಂಗಳ ಮೊದಲ ದಿನ ಎರಡೂವರೆ ಲೀಟರನ್ನೇ ಡಬ್ಬಕ್ಕೆ ಹಾಕಿಟ್ಟು ಅಷ್ಟರಲ್ಲೇ ಮುಗಿಸುವುದು. ಒಗ್ಗರಣೆ ಹಾಕುವಾಗ ಚಮಚದಲ್ಲಿ ಅಳೆಯುತ್ತೇನೆ ಎಂದು ಹೊರಟವರ ಕೈ ವಾರದಲ್ಲೇ ಸಡಿಲವಾಗುತ್ತದೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 160. ಪೂರ್ತಿ ಬಿಟ್ಟರೆ ಅಷ್ಟೂ ಉಳಿಯಿತು. ರಾತ್ರಿ ಎರಡನೇ ಸಲ ಬಡಿಸಿಕೊಳ್ಳುವ ಅನ್ನದ ಬದಲು ಪಲ್ಯವನ್ನೋ ಕಾಳನ್ನೋ ಹಾಕಿಕೊಂಡರೆ ಇನ್ನೊಂದು ನೂರು. ಸಂಜೆಯ ಮಂಡಕ್ಕಿ ಮಿರ್ಚಿಯನ್ನು ದಾವಣಗೆರೆಯವರಿಗೆ ಬಿಡಿ ಎನ್ನಲಾರೆ. ಮಂಡಕ್ಕಿ ಇರಲಿ, ಮಿರ್ಚಿ ವಾರಕ್ಕೊಂದು ದಿನ ಸಾಕು.

ನಮ್ಮವರಿಗೆಂದೇ ನಡೆದ ಪರೀಕ್ಷೆಯೊಂದು ಇದಕ್ಕೆ ಆಧಾರವಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಮೂರು ವರ್ಷದವರೆಗೆ ಗಮನಿಸಿ 2006ರಲ್ಲಿ ಪ್ರಕಟಿಸಿದರು. ಸಲಹೆಯಷ್ಟೇ ಪಡೆದು ತಮ್ಮ ಪಾಡಿಗೆ ಇದ್ದವರಲ್ಲಿ ಶೇ. 55 ಮಂದಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಹಿಡಿತದ ಊಟ ಪಾಲಿಸಿದವರಲ್ಲಿ ಶೇ. 39. ಸ್ವಾರಸ್ಯವೆಂದರೆ ಇವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಇದನ್ನು ಸೇಂಟ್ ಲೂಯಿಸ್‌ನ ಮಹಿಳೆಯರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಹತ್ತು ಕೆ.ಜಿ. ಹೋಗಿಯೂ ರಕ್ತದಲ್ಲಿ ಏನೂ ಬದಲಾಗಲಿಲ್ಲ, ಇಲ್ಲಿ ತಕ್ಕಡಿ ಅಲುಗದಿದ್ದರೂ ಕಾಯಿಲೆ ಕಾಲು ಭಾಗಕ್ಕಿಂತ ಹೆಚ್ಚು ಹಿಂದೆ ಸರಿಯಿತು.

ಲಿವರ್ ಎಷ್ಟು ಬೇಗ ಸ್ಪಂದಿಸುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ಅವರ ತಂಡ 2011ರಲ್ಲಿ ತೋರಿಸಿದ್ದನ್ನು ಹೇಳಬೇಕು. ಸಕ್ಕರೆ ಕಾಯಿಲೆಯ 11 ಮಂದಿಗೆ ದಿನಕ್ಕೆ 600 ಕ್ಯಾಲೊರಿಯ ಆಹಾರ ಕೊಟ್ಟಾಗ ಏಳೇ ದಿನದಲ್ಲಿ ಲಿವರ್‌ನ ಕೊಬ್ಬು ಶೇ. 30ರಷ್ಟು ಇಳಿದು, ಬರಿಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಬಂತು. ಹೊರಗಿನ ಹೊಟ್ಟೆ ಆಗಿನ್ನೂ ಹಾಗೇ ಇತ್ತು. 600 ಕ್ಯಾಲೊರಿ ವೈದ್ಯರ ಕಣ್ಣೆದುರು ಮಾಡುವ ಕೆಲಸ, ಮನೆಯಲ್ಲಿ ಮಾಡಬೇಡಿ, ನಿಮಗೆ ಬೇಕಾಗಿಯೂ ಇಲ್ಲ. ಆದರೆ ನಿಮ್ಮ "ಸಾಕಾಗಿದೆ"ಗೆ ಒಂದು ಕಾರಣ ಇಲ್ಲಿರಬಹುದು. ಲಾಭ ಮೊದಲು ಆಗುವುದು ಕನ್ನಡಿಯಲ್ಲಿ ಕಾಣದ ಜಾಗದಲ್ಲಿ. ಕನ್ನಡಿಯನ್ನೇ ನಂಬಿ ಎರಡು ತಿಂಗಳಿಗೆ ಬಿಟ್ಟವರು ಫಲ ಬಂದ ಮೇಲೆ ಬಿಟ್ಟಿರುತ್ತಾರೆ.

ಹಾಗಾಗಿ ಏನನ್ನು ಅಳೆಯಬೇಕು? ಟೇಪನ್ನು ಸೀರೆ ಕಟ್ಟುವ ಜಾಗದಲ್ಲಿ ಹಿಡಿಯಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಎರಡು ವಾರಕ್ಕೊಮ್ಮೆ ಅಳೆಯಿರಿ. ನಮ್ಮ ಹೆಣ್ಣುಮಕ್ಕಳಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಎನ್ನುತ್ತೇವೆ, ನಿಮ್ಮದು 94. ಮೊದಲ ವಾರ ಇಳಿಯುವ ಒಂದೂವರೆ, ಎರಡು ಕೆ.ಜಿ.ಯಲ್ಲಿ ಹೆಚ್ಚಿನದು ನೀರು, ಅದಕ್ಕೆ ಹಿಗ್ಗಬೇಡಿ, ನಂತರ ನಿಂತಿತೆಂದು ಕುಗ್ಗಲೂಬೇಡಿ. ಟ್ರೈಗ್ಲಿಸರೈಡ್ ಮತ್ತು ಲಿವರ್‌ನ ಸ್ಥಿತಿ ಹೇಳುವ ಎಸ್‌ಜಿಪಿಟಿ ಆರೆಂಟು ವಾರದಲ್ಲೇ ಇಳಿಕೆ ತೋರಿಸುತ್ತವೆ. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ಮೂರು ತಿಂಗಳಿಗೆ ಮೊದಲು ಮಾಡಿಸಿದರೆ ಹಳೆಯ ಕತೆಯನ್ನೇ ಹೇಳುತ್ತದೆ. ಅಂದಹಾಗೆ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೀವು ಬರೆದಿಲ್ಲ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ನಡಿಗೆಯ ಜೊತೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರಿನ ಬಾಟಲಿ ಎತ್ತುವುದು ಇರಲಿ. ಇಲ್ಲದಿದ್ದರೆ ಇಳಿದ ತೂಕದಲ್ಲಿ ಸ್ನಾಯುವಿನ ಪಾಲೂ ಸೇರುತ್ತದೆ.

ಆರು ತಿಂಗಳು ನಿಜವಾಗಿ ಪಾಲಿಸಿಯೂ ಏನೂ ಆಗದಿದ್ದರೆ ಫಿಜಿಶಿಯನ್ ಹತ್ತಿರ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದಿನ ಬಗ್ಗೆ ಮಾತಾಡಬಹುದು. ಅವು ಹಸಿವನ್ನು ತಗ್ಗಿಸಿ ಊಟವನ್ನೇ ಕಡಿಮೆ ಮಾಡಿಸುವುದರಿಂದ ಅಲ್ಲಿ ಆಗುವುದು ನಿಜವಾದ ಕೊಬ್ಬಿನ ಇಳಿಕೆ, ಶುಗರೂ ಇಳಿಯುತ್ತದೆ. ಬಿಟ್ಟರೆ ತೂಕದ ಬಹುಪಾಲು ಮರಳಿ ಬರುತ್ತದೆ ಎನ್ನುವುದು ಗೊತ್ತಿರಲಿ. ಕೊಬ್ಬನ್ನು ಹೆಪ್ಪುಗಟ್ಟಿಸುವ ಕ್ರಯೊಲಿಪೊಲಿಸಿಸ್ ಯಂತ್ರಗಳು ಆ ಜಾಗದ ಪದರವನ್ನು ಎರಡು ಮೂರು ತಿಂಗಳಲ್ಲಿ ಶೇ. 20, 25ರಷ್ಟು ತೆಳುವಾಗಿಸುತ್ತವೆ. ಅದೂ ಆಕಾರದ ಕೆಲಸವೇ. "ಇಂಚ್ ಲಾಸ್" ಎಂದು ಬೆಲ್ಟ್ ಕಟ್ಟಿ ಬೆವರಿಸುವ ಕಡೆ ಹೋಗುವುದು ನೀರು, ಸಂಜೆ ನೀರು ಕುಡಿದರೆ ವಾಪಸ್ಸು.

ಇಷ್ಟಾಗಿಯೂ ಲಿಪೊಸಕ್ಷನ್ ಬೇಕೆನಿಸಿದರೆ ಅಪಾಯ ಎಲ್ಲಿದೆ ಎಂದು ತಿಳಿದು ಹೋಗಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳನ್ನೇ ಕೇಳಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಐದು ಸಾವಿರಕ್ಕೆ ಒಂದು ಸಾವು ಲೆಕ್ಕಕ್ಕೆ ಬಂದಿತ್ತು. ಮೊದಲ ಕಾರಣ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಈಗ ವಿಧಾನ ಸುಧಾರಿಸಿದೆ, ಆದರೆ ಅಪಾಯದ ಬಗೆಗಳು ಅವೇ.

ನೀವೇ ಕೇಳಿ ತಿಳಿಯಬಹುದಾದ ಒಂದು ಅಂಕಿ ಲಿಗ್ನೊಕೇನ್‌ನದು. ಸಾಮಾನ್ಯವಾಗಿ ಪ್ರತಿ ಕೆ.ಜಿ. ತೂಕಕ್ಕೆ 35 ಮಿಲಿಗ್ರಾಂ ಮಿತಿ ಇಟ್ಟುಕೊಳ್ಳುತ್ತಾರೆ, ಕೆಲವರು 55ರವರೆಗೂ ಹೋಗುತ್ತಾರೆ. 74 ಕೆ.ಜಿ.ಗೆ 35ರಂತೆ 2,590 ಮಿಲಿಗ್ರಾಂ. ದ್ರಾವಣದ ಪ್ರತಿ ಲೀಟರಿನಲ್ಲಿ 500 ಮಿಲಿಗ್ರಾಂ ಹಾಕಿದ್ದರೆ ಐದು ಲೀಟರಿನವರೆಗೆ ತುಂಬಬಹುದು. ಸಾವಿರ ಹಾಕಿದ್ದರೆ ಎರಡೂವರೆ ಲೀಟರಿಗೇ ನಿಲ್ಲಬೇಕು. ಹೊಟ್ಟೆಗೆಂದು ಮಲಗಿಸಿ "ತೋಳೂ ಮಾಡಿಬಿಡೋಣ" ಎಂದಾಗ ಈ ಲೆಕ್ಕ ತಪ್ಪುತ್ತದೆ. ಕೊಬ್ಬಿನಲ್ಲಿ ನಿಂತ ಲಿಗ್ನೊಕೇನ್ ನಿಧಾನವಾಗಿ ರಕ್ತ ಸೇರುತ್ತದೆ, ಅತಿ ಹೆಚ್ಚಾಗುವುದು ಹನ್ನೆರಡು ಗಂಟೆಯ ಆಸುಪಾಸಿನಲ್ಲಿ. ಬೆಳಿಗ್ಗೆ ಮಾಡಿಸಿ ಸಂಜೆ ಮನೆಗೆ ಬಂದವರಿಗೆ ಅದು ರಾತ್ರಿ. ತುಟಿ, ನಾಲಿಗೆ ಜೋಮು ಹಿಡಿಯುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಮಾತು ತೊದಲುವುದು ಮೊದಲ ಲಕ್ಷಣಗಳು, ಮುಂದಿನದು ಫಿಟ್ಸ್. ಹುಳುಕಡ್ಡಿಗೆ ಇಟ್ರಾಕೊನಜೋಲ್ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ, ಅದು ಲಿಗ್ನೊಕೇನ್ ಕರಗುವುದನ್ನು ತಡೆಯುತ್ತದೆ. ಹಾಗಾಗಿ ಆಪರೇಷನ್ ಥಿಯೇಟರ್, ಅರಿವಳಿಕೆ ತಜ್ಞರು, ಐಸಿಯು ಇರುವ, ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆಯಾದ ಕೆಪಿಎಂಇಯಡಿ ನೋಂದಣಿಯಾದ ಆಸ್ಪತ್ರೆಯಲ್ಲೇ ಮಾಡಿಸಬೇಕು, ಮೊದಲ ರಾತ್ರಿ ಅಲ್ಲೇ ಉಳಿಯಬೇಕು. ಹೀರುವ ಒಟ್ಟು ಪ್ರಮಾಣ ಐದು ಲೀಟರ್ ದಾಟಿದರೆ ಉಳಿಯಲೇಬೇಕು. ಮಾಡುವವರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಕಳವಳ ತರುವುದು ಆ ಎರಡು ಸಿಸೇರಿಯನ್. ಹಳೆಯ ಗಾಯದಲ್ಲೋ ಹೊಕ್ಕುಳಲ್ಲೋ ಕೈಗೆ ಸಿಗದಷ್ಟು ಸಣ್ಣ ಹರ್ನಿಯಾ ಇದ್ದು, ಅದರೊಳಗೆ ಕರುಳಿನ ಕುಣಿಕೆ ಬಂದು ಕೂತಿದ್ದರೆ ಕ್ಯಾನುಲಾ ನೇರ ಅದಕ್ಕೇ ಚುಚ್ಚುತ್ತದೆ. ಹೊಟ್ಟೆಯ ಗೋಡೆಯನ್ನೇ ನೋಡುವ ಅಲ್ಟ್ರಾಸೌಂಡ್ ಮಾಡಿಸದೆ ಒಪ್ಪಬೇಡಿ. ಲಿವರ್‌ಗೆಂದು ಮಾಡಿಸಿದ ಹಳೆಯ ಸ್ಕ್ಯಾನ್ ಇದಕ್ಕೆ ಸಾಲದು. ಚಿಕಿತ್ಸೆಯ ನಂತರ ಒಂದೆರಡು ದಿನ ರಂಧ್ರಗಳಿಂದ ಕೆಂಪು ನೀರು ಜಿನುಗುವುದು, ಮೈಕೈ ನೋವು, ತೂಕ ಒಂದೆರಡು ಕೆ.ಜಿ. ಏರುವುದು ಸಹಜ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡನೇ ದಿನಕ್ಕೆ ಹೆಚ್ಚಾಗಿ, ಜ್ವರ ಬಂದು, ಹೊಟ್ಟೆ ಹಲಗೆಯಂತೆ ಬಿಗಿದರೆ ಅದು ಕರುಳಿನ ತೂತು ಇರಬಹುದು. ಏದುಸಿರು, ಮಂಕು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಕಂಡರೆ ಕ್ಲಿನಿಕ್‌ಗೆ ಫೋನು ಮಾಡುತ್ತ ಕೂರದೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಲಿಪೊಸಕ್ಷನ್ ಸರಿಯಾಗಿ ಒದಗುವ ಜಾಗಗಳಿವೆ. ಲಿಪಿಡೀಮಾ ಎಂಬ ಕಾಯಿಲೆಯಲ್ಲಿ ಕಾಲುಗಳು ಕಂಬದಂತೆ ದಪ್ಪಗಾಗಿ, ಪಾದ ಮಾತ್ರ ತೆಳ್ಳಗೇ ಉಳಿದು, ಮುಟ್ಟಿದರೆ ನೋಯುತ್ತ ಸುಲಭಕ್ಕೆ ಕಂದುಗಟ್ಟುತ್ತವೆ. ಎಷ್ಟು ಡಯಟ್ ಮಾಡಿದರೂ ಆ ಕೊಬ್ಬು ಕದಲುವುದಿಲ್ಲ, ಹೀರಿ ತೆಗೆದರೆ ನೋವು ಇಳಿಯುತ್ತದೆ. ದೊಡ್ಡ ಕೊಬ್ಬಿನ ಗಂಟು, ಗಂಡಸರ ಎದೆಯ ಉಬ್ಬು ಇವಕ್ಕೂ ಇದನ್ನು ಬಳಸುತ್ತಾರೆ. ಉಳಿದಂತೆ ಇದು ತೂಕ ಸರಿಯಾಗಿದ್ದು, ಒಂದು ಕಡೆ ಮಾತ್ರ ಹಟ ಹಿಡಿದ ಉಬ್ಬು ಇರುವವರಿಗೆ. ನೀವು ಐದಾರು ಕೆ.ಜಿ. ಇಳಿಸಿ, ಆರು ತಿಂಗಳು ತೂಕ ಅಲ್ಲೇ ನಿಂತು, ಎಚ್‌ಬಿಎ1ಸಿ 5.7ರ ಕೆಳಗೆ ಬಂದ ಮೇಲೂ ಸಿಸೇರಿಯನ್ ಗೆರೆಯ ಮೇಲಿನ ಮಡಿಕೆ ಬೇಸರ ತರಿಸುತ್ತಿದ್ದರೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ. ಆಗ ಬಹುಶಃ ಅವರು ಹೇಳುವುದು ಲಿಪೊಸಕ್ಷನ್ ಅಲ್ಲ, ಸಡಿಲ ಚರ್ಮ ತೆಗೆದು ಬೇರ್ಪಟ್ಟ ಸ್ನಾಯು ಹೊಲಿಯುವ ಟಮ್ಮಿ ಟಕ್. ಮತ್ತೊಂದು ಮಗುವಿನ ಯೋಚನೆ ಇದ್ದರೆ ಅದನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಿ, ಬಸಿರಿನಲ್ಲಿ ಹೊಲಿಗೆ ಹಾಕಿದ ಸ್ನಾಯು ಮತ್ತೆ ಅಗಲವಾಗುತ್ತದೆ.